ಫ್ಲೆಕ್ಸಿಗೆ ಕೊಡುವ ಮುಂಚೆ ಆ ಶ್ಲೋಕದ ಅಕ್ಕಪಕ್ಕ ಒಮ್ಮೆ ನೋಡಿ

ಪ್ರಶ್ನೆ: ಮೇಷ್ಟ್ರೇ, ನಾನು ನಾಪೋಕ್ಲು ಕಡೆಯ ಒಂದು ಮಹಿಳಾ ಸಮಾಜದ ಕಾರ್ಯದರ್ಶಿ. ಮಾರ್ಚ್ 8ರ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ಮೇಲೆ ‘ಯತ್ರ ನಾರಿಯಸ್ತು ಪೂಜ್ಯಂತೆ ರಮಂತೆ ತತ್ರ ದೇವತಃ – ವೇದ’ ಅಂತ ಹಾಕಿ, ಕೆಳಗೆ ‘ಎಲ್ಲಿ ಸ್ತ್ರೀಯನ್ನು ಪೂಜಿಸುತ್ತಾರೋ ಅಲ್ಲಿ ದೇವತೆಗಳು ನೆಲೆಸುತ್ತಾರೆ’ ಅಂತ ಬರೆಸಿದ್ದೆ. ನನ್ನ ನಾದಿನಿಯ ಮಗಳು ಮೈಸೂರಿನಲ್ಲಿ ಕಾನೂನು ಓದುತ್ತಿದ್ದಾಳೆ. ‘ಅತ್ತೆ, ಇದು ವೇದ ಅಲ್ಲ, ಮನುಸ್ಮೃತಿ. ಹೆಣ್ಣಿಗೆ ಸ್ವಾತಂತ್ರ್ಯ ಬೇಡ ಅಂದವನೂ ಅದೇ ಮನು. ಇದು ಇದ್ದರೆ ನಾನು ವೇದಿಕೆ ಹತ್ತಲ್ಲ’ ಅಂದಳು. ನಮ್ಮ ಭಾವನವರು ‘ಸ್ವಾತಂತ್ರ್ಯದ ಸಾಲು ಬ್ರಿಟಿಷರು ಸೇರಿಸಿದ್ದು’ ಅನ್ನುತ್ತಾರೆ. ಯಾರ ಮಾತು ಸರಿ? ಫ್ಲೆಕ್ಸಿನಲ್ಲಿ ಏನು ಹಾಕಲಿ?

ಉತ್ತರ: ಹುಡುಗಿ ಹೇಳಿದ ಎರಡೂ ಮಾತು ನಿಜ. ಭಾವನವರ ಮಾತು ನಿಜವಲ್ಲ. ಹಾಗಂತ ಹುಡುಗಿ ಗೆದ್ದಳು, ಶ್ಲೋಕ ಸೋತಿತು ಅಂತ ಮುಗಿಸುವ ಹಾಗೂ ಇಲ್ಲ. ಆ ಶ್ಲೋಕದ ಹಿಂದೆ ಮುಂದೆ ಹತ್ತು ಹನ್ನೆರಡು ಶ್ಲೋಕಗಳಿವೆ. ಅವುಗಳನ್ನು ಓದಿದರೆ ಇದು ಜಗಳವಾಡುವ ಇಬ್ಬರಿಗೂ ಅಷ್ಟು ಸುಲಭವಾಗಿ ಒಗ್ಗದ ಮಾತು ಅಂತ ಗೊತ್ತಾಗುತ್ತದೆ. ಅಲ್ಲಿಗೆ ಬರುವ ಮುಂಚೆ ನೀವು ಬರೆಸಿದ ಸಾಲನ್ನೇ ಸರಿ ಮಾಡೋಣ. ಅದು ಸುಲಭದ ಕೆಲಸ.

ಸಾಲು ಹೀಗಿದೆ:

ಯತ್ರ ನಾರ್ಯಸ್ತು ಪೂಜ್ಯಂತೇ ರಮಂತೇ ತತ್ರ ದೇವತಾಃ |
ಯತ್ರೈತಾಸ್ತು ನ ಪೂಜ್ಯಂತೇ ಸರ್ವಾಸ್ತತ್ರಾಫಲಾಃ ಕ್ರಿಯಾಃ ||

ಮನುಸ್ಮೃತಿಯ ಮೂರನೇ ಅಧ್ಯಾಯ, 56ನೇ ಶ್ಲೋಕ. ಇದು ಅನುಷ್ಟುಪ್ ಛಂದಸ್ಸು, ಒಂದೊಂದು ಪಾದಕ್ಕೆ ಎಂಟೇ ಅಕ್ಷರ. ಬೆರಳು ಮಡಿಚಿ ಎಣಿಸಿ: ಯ, ತ್ರ, ನಾ, ರ್ಯ, ಸ್ತು, ಪೂ, ಜ್ಯಂ, ತೇ. ಎಂಟು. ನಿಮ್ಮ ಫ್ಲೆಕ್ಸಿನ ‘ನಾರಿಯಸ್ತು’ ಹಾಕಿ ಎಣಿಸಿದರೆ ಒಂಬತ್ತು ಬರುತ್ತದೆ. ಕೆಲವರು ‘ಯತ್ರ ನಾರೀ ಪೂಜ್ಯಂತೇ’ ಅಂತ ಬರೆಸುತ್ತಾರೆ, ಅದು ಏಳಕ್ಕೇ ನಿಲ್ಲುತ್ತದೆ. ಸಂಸ್ಕೃತ ಬಾರದವರೂ ಹೀಗೆ ಎಣಿಸಿ ತಪ್ಪು ಹಿಡಿಯಬಹುದು. ‘ನಾರ್ಯಃ’ ಅಂದರೆ ಹೆಂಗಸರು, ಬಹುವಚನ. ಅದಕ್ಕೆ ‘ತು’ ಸೇರಿ ‘ನಾರ್ಯಸ್ತು’ ಆಗಿದೆ. ‘ದೇವತಾಃ’ ಕೂಡ ಬಹುವಚನವೇ. ‘ದೇವತಃ’ ಅನ್ನುವ ರೂಪ ಇಲ್ಲಿ ಹೊಂದುವುದಿಲ್ಲ.

ಆದರೆ ಬೆರಳೆಣಿಕೆಗೆ ಸಿಗದ ತಪ್ಪೂ ಇದೆ, ಅದೇ ದೊಡ್ಡದು. ಎರಡನೇ ಸಾಲಿನ ‘ತತ್ರಾಫಲಾಃ’ ನೋಡಿ. ‘ತತ್ರ’ ಮತ್ತು ‘ಅಫಲಾಃ’ ಸೇರಿ ಹಾಗಾಗಿದೆ. ಫಲವಿಲ್ಲದವು ಅಂತ ಅರ್ಥ. ದೀರ್ಘ ಬಿಟ್ಟು ‘ತತ್ರ ಫಲಾಃ’ ಅಂತ ಬರೆದರೂ ಎಣಿಕೆ ಎಂಟೇ, ಆದರೆ ಇಲ್ಲ ಅನ್ನುವ ಆ ‘ಅ’ ಮಾಯ. ಹೆಂಗಸರಿಗೆ ಗೌರವ ಇಲ್ಲದ ಕಡೆ ಮಾಡಿದ್ದೆಲ್ಲ ಫಲ ಕೊಡುತ್ತದೆ ಅಂದ ಹಾಗೆ ಕೇಳುತ್ತದೆ! ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಒಂದು ಆಮಂತ್ರಣ ಪತ್ರಿಕೆಯಲ್ಲಿ ಹಾಗೇ ಅಚ್ಚಾಗಿ ಐನೂರು ಪ್ರತಿ ಹಂಚಿ ಹೋಯಿತು. ಪ್ರೂಫ್ ನೋಡಿದವನು ನಾನೇ. ಯಾರೂ ಗುರುತಿಸಲಿಲ್ಲ ಅನ್ನುವುದು ಸಮಾಧಾನವೋ ಬೇಸರವೋ ಇವತ್ತಿಗೂ ಗೊತ್ತಿಲ್ಲ.

ಇನ್ನು ಕನ್ನಡದ ಅರ್ಥ. ‘ರಮಂತೇ’ ಅಂದರೆ ನೆಲೆಸುತ್ತಾರೆ ಅಲ್ಲ, ಸಂತೋಷಪಡುತ್ತಾರೆ. ನಮ್ಮ ಕನ್ನಡದಲ್ಲಿ ‘ರಮಿಸು’ ಅಂದರೆ ಬೇರೆ ವಾಸನೆ ಬರುತ್ತದಲ್ವಾ, ಬಹುಶಃ ಅದಕ್ಕೇ ‘ನೆಲೆಸುತ್ತಾರೆ’ ಅನ್ನುವುದು ಗಟ್ಟಿಯಾಗಿ ಉಳಿದುಕೊಂಡಿತು. ಇದು ಸಣ್ಣ ವಿಷಯ. ‘ಪೂಜ್ಯಂತೇ’ ಅನ್ನುವುದು ಸಣ್ಣದಲ್ಲ. ಪೂಜೆ ಅಂದ ಕೂಡಲೇ ನಮಗೆ ಮಂಗಳಾರತಿ, ಹೂವು, ಪೀಠ ನೆನಪಾಗುತ್ತದೆ. ಹೆಣ್ಣನ್ನು ದೇವಿಯನ್ನಾಗಿ ಮಾಡಿ ಪೂಜಿಸಿ ಅಂತ ಈ ಶ್ಲೋಕ ಹೇಳುತ್ತದೆ ಅಂತ ಭಾಷಣಗಳಲ್ಲಿ ಕೇಳುತ್ತೇವೆ. ಮನು ಅಲ್ಲಿ ಹೇಳುವ ಪೂಜೆ ಏನು ಅಂತ ಅವನೇ ಮೂರು ಶ್ಲೋಕ ಮುಂದೆ ಬಿಡಿಸಿ ಹೇಳಿದ್ದಾನೆ. ಈಗ ಆ ಅಕ್ಕಪಕ್ಕಕ್ಕೆ ಬರೋಣ.

ಮೂರನೇ ಅಧ್ಯಾಯ ಶುರುವಾಗುವುದು ಗುರುಕುಲ ಮುಗಿಸಿದ ಹುಡುಗ ಮದುವೆಯಾಗುವ ವಿಚಾರದಿಂದ. ಎಂಥ ಹುಡುಗಿ, ಎಂಟು ಬಗೆಯ ಮದುವೆ, ಅವುಗಳಲ್ಲಿ ಯಾವುದು ಸರಿ ಅಂತ ಮಾತು ಸಾಗುತ್ತದೆ. 51ನೇ ಶ್ಲೋಕಕ್ಕೆ ಬಂದಾಗ ಅದು ದುಡ್ಡಿಗೆ ತಿರುಗುತ್ತದೆ. ಮಗಳ ತಂದೆ ಗಂಡಿನ ಕಡೆಯಿಂದ ಒಂದಿಷ್ಟೂ ಶುಲ್ಕ ತೆಗೆದುಕೊಳ್ಳಬಾರದು, ಲೋಭಕ್ಕೆ ತೆಗೆದುಕೊಂಡರೆ ಅವನು ಮಗುವನ್ನು ಮಾರಿದವನು. 52ನೆಯದು ಇನ್ನೂ ಖಡಕ್ಕು: ಹೆಣ್ಣಿನ ಸ್ವಂತ ಆಸ್ತಿಯನ್ನು, ಅವಳ ವಾಹನವನ್ನೋ ಬಟ್ಟೆಯನ್ನೋ ಬಳಸಿಕೊಂಡು ಬದುಕುವ ನೆಂಟರು ಪಾಪಿಗಳು, ಅಧೋಗತಿಗೆ ಹೋಗುತ್ತಾರೆ. 53ರಲ್ಲಿ, ಒಂದು ಜೊತೆ ದನ ತೆಗೆದುಕೊಂಡರೆ ಪರವಾಗಿಲ್ಲ ಅನ್ನುವವರ ಮಾತು ಸುಳ್ಳು, ಚಿಕ್ಕದಾದರೂ ದೊಡ್ಡದಾದರೂ ಮಾರಾಟ ಮಾರಾಟವೇ ಅನ್ನುತ್ತಾನೆ. 54ರಲ್ಲಿ ಮಾತು ತಿರುಗುತ್ತದೆ. ಕೊಟ್ಟದ್ದನ್ನು ಮನೆಯವರು ತಾವು ಇಟ್ಟುಕೊಳ್ಳದಿದ್ದರೆ ಅದು ಮಾರಾಟವಲ್ಲ, ಹುಡುಗಿಗೆ ತೋರಿಸಿದ ಗೌರವ.

ಆಮೇಲೆ 55. ತಂದೆಯರು, ಅಣ್ಣತಮ್ಮಂದಿರು, ಗಂಡಂದಿರು, ಗಂಡನ ತಮ್ಮಂದಿರು, ತಮಗೆ ಒಳ್ಳೆಯದಾಗಬೇಕು ಅಂತಿದ್ದರೆ, ಈ ಹೆಂಗಸರನ್ನು ಗೌರವಿಸಬೇಕು, ಒಡವೆ ತೊಡಿಸಬೇಕು. ಇದರ ಬೆನ್ನಿಗೇ ನಿಮ್ಮ ಶ್ಲೋಕ ಬರುತ್ತದೆ. 57ರಲ್ಲಿ, ಯಾವ ಮನೆಯಲ್ಲಿ ‘ಜಾಮಿ’ಗಳು ದುಃಖಪಡುತ್ತಾರೋ ಆ ಕುಲ ಬೇಗ ಹಾಳಾಗುತ್ತದೆ. ಜಾಮಿ ಅಂದರೆ ಅಕ್ಕತಂಗಿಯರು, ಹೆಂಡತಿ, ಮಗಳು, ಸೊಸೆ ಹೀಗೆ ಆ ಕುಲದ ಹೆಂಗಸರು ಅಂತ ವ್ಯಾಖ್ಯಾನಕಾರ ಕುಲ್ಲೂಕಭಟ್ಟ ಬಿಡಿಸುತ್ತಾನೆ. 58ರಲ್ಲಿ ಗೌರವ ಸಿಗದ ಜಾಮಿಗಳ ಶಾಪ, ಮಾಟ ತಗುಲಿದ ಹಾಗೆ ಮನೆಯನ್ನು ನಾಲ್ಕೂ ಕಡೆಯಿಂದ ಕೆಡಿಸುತ್ತದೆ. 59ರಲ್ಲಿ ಪೂಜೆಯ ಅರ್ಥ ಸಿಗುತ್ತದೆ: ‘ಭೂಷಣಾಚ್ಛಾದನಾಶನೈಃ’. ಒಡವೆ, ಬಟ್ಟೆ, ಊಟ. ಹಬ್ಬದಲ್ಲಿ, ಉತ್ಸವದಲ್ಲಿ ಇವುಗಳಿಂದ ಹೆಂಗಸರನ್ನು ಸದಾ ಗೌರವಿಸಬೇಕು.

ಅಷ್ಟೇ. ಆರತಿ ಇಲ್ಲ, ಪೀಠ ಇಲ್ಲ. ಮನೆಯ ಗಂಡಸರು ಮನೆಯ ಹೆಂಗಸರಿಗೆ ಏನು ಕೊಡಬೇಕು, ಅವರ ಯಾವುದಕ್ಕೆ ಕೈ ಹಾಕಬಾರದು ಅನ್ನುವ ಲೆಕ್ಕ ಇದು.

ಒಂದು ಕಣ್ಣಾರೆ ಕಂಡ ಉದಾಹರಣೆ ಹೇಳುತ್ತೇನೆ. ವಿರಾಜಪೇಟೆ ಕಡೆಯ ಒಂದು ಮನೆಗೆ ನಾನು ಆಗಾಗ ಹೋಗುತ್ತಿದ್ದೆ. ಹಜಾರದ ಗೋಡೆಯಲ್ಲಿ ಈ ಶ್ಲೋಕ, ಚಿನ್ನದ ಬಣ್ಣದ ಅಕ್ಷರ, ಗಾಜಿನ ಕಟ್ಟು. ಕರಿಮೆಣಸಿನ ಬೆಲೆ ಬಿದ್ದ ಒಂದು ವರ್ಷ ಮನೆಯ ಯಜಮಾನರು ತೋಟಕ್ಕೆ ಪಂಪ್‌ಸೆಟ್ ಹಾಕಿಸಿದರು. ಸೊಸೆ ತವರಿನಿಂದ ತಂದ ಒಡವೆ ಅಡ ಇಟ್ಟು ದುಡ್ಡು ತಂದಿದ್ದರು. ಅವಳನ್ನು ಕೇಳಿರಲಿಲ್ಲ. ಒಂದು ಮದುವೆಗೆ ಹೊರಟಾಗ ಡಬ್ಬಿ ತೆಗೆದು ನೋಡಿದ ಮೇಲೆಯೇ ಅವಳಿಗೆ ಗೊತ್ತಾದದ್ದು. ಅವಳು ಅತ್ತದ್ದು ಒಡವೆಗಲ್ಲ, ಕೇಳದೆ ಹೋದದ್ದಕ್ಕೆ. ಆಮೇಲೆ ಬಿಡಿಸಿಕೊಟ್ಟರು ಅನ್ನಿ. ಆದರೆ ಗೋಡೆಯ ಮೇಲಿದ್ದ ಶ್ಲೋಕಕ್ಕೆ ನಾಲ್ಕೇ ಶ್ಲೋಕ ಹಿಂದೆ, ಅದೇ ಪುಟದಲ್ಲಿ, ಅವರು ಮಾಡಿದ್ದಕ್ಕೆ ಹೆಸರಿತ್ತು. 52ನೇ ಶ್ಲೋಕವನ್ನು ಕಟ್ಟು ಹಾಕಿಸಿ ಗೋಡೆಗೆ ನೇತು ಹಾಕಿದವರನ್ನು ನಾನು ಇನ್ನೂ ನೋಡಿಲ್ಲ.

ಇಷ್ಟು ಓದಿದರೆ ಮನು ಹೆಣ್ಣಿನ ಪರ ಅನ್ನಿಸಬಹುದು. ನಿಧಾನ. ಮಾತು ಯಾರ ಜೊತೆ ನಡೆಯುತ್ತಿದೆ ನೋಡಿ. ತಂದೆ, ಅಣ್ಣ, ಗಂಡ, ಮೈದುನ. ಹೆಂಗಸಿನ ಜೊತೆ ಒಂದು ಮಾತೂ ಇಲ್ಲ. ಕಾರಣ ಕೊಡುವುದೂ ಗಂಡಸಿನ ಲಾಭದ್ದೇ. ನಿಮಗೆ ಒಳ್ಳೆಯದಾಗಬೇಕಾದರೆ, ನಿಮ್ಮ ಕುಲ ಬೆಳೆಯಬೇಕಾದರೆ, ನಿಮ್ಮ ಕ್ರಿಯೆಗಳು ಫಲ ಕೊಡಬೇಕಾದರೆ. ‘ಕ್ರಿಯೆ’ ಅಂದರೆ ಇಲ್ಲಿ ಮನೆಯಲ್ಲಿ ನಡೆಯುವ ಯಜ್ಞ, ಶ್ರಾದ್ಧದಂಥ ಕರ್ಮಗಳು. ಸ್ವಲ್ಪ ಮುಂದೆ, 67ರಿಂದ, ಅವುಗಳ ವಿವರವೇ ಶುರುವಾಗುತ್ತದೆ. 61ನೆಯದಂತೂ ಮುಚ್ಚುಮರೆಯಿಲ್ಲ: ಹೆಂಡತಿ ಕಳೆಕಳೆಯಾಗಿ ಇರದಿದ್ದರೆ ಗಂಡನಿಗೆ ಸಂತೋಷವಾಗದು, ಅವನಿಗೆ ಸಂತೋಷವಾಗದಿದ್ದರೆ ಸಂತಾನವಾಗದು. ಒಡವೆ ಬಟ್ಟೆಯ ಮಾತು ಯಾಕೆ ಬಂತು ಅಂತ ಆಗ ತಿಳಿಯುತ್ತದೆ.

‘ಹೆಂಗಸರು’ ಅಂದರೆ ಯಾರು ಅನ್ನುವುದೂ ಮುಖ್ಯ. ಇಲ್ಲಿ ಲೆಕ್ಕಕ್ಕೆ ಬರುವುದು ಕುಲದ ಹೆಂಗಸರು. ನಿಮ್ಮ ತೋಟದ ಲೈನ್ ಮನೆಯಿಂದ ಬೆಳಗ್ಗೆ ಎಂಟಕ್ಕೆ ಕಾಫಿ ಕೊಯ್ಯಲು ಬರುವ ಹೆಂಗಸು ಈ ಹನ್ನೆರಡು ಶ್ಲೋಕಗಳ ಒಳಗೆ ಎಲ್ಲೂ ಇಲ್ಲ. ಮಾರ್ಚ್ 8ರ ಕಾರ್ಯಕ್ರಮಕ್ಕೆ ಅವರನ್ನೂ ಕರೆದಿದ್ದರೆ, ಅವರ ತಲೆಯ ಮೇಲೆ ಈ ಸಾಲು ತೂಗುವುದು ಸರಿಯೇ ಅಂತ ಯೋಚಿಸಿ.

ಈಗ ಹುಡುಗಿ ಹೇಳಿದ ಸಾಲು. ಒಂಬತ್ತನೇ ಅಧ್ಯಾಯದ ಮೂರನೇ ಶ್ಲೋಕ: ಬಾಲ್ಯದಲ್ಲಿ ತಂದೆ ಕಾಯುತ್ತಾನೆ, ಯೌವನದಲ್ಲಿ ಗಂಡ ಕಾಯುತ್ತಾನೆ, ಮುಪ್ಪಿನಲ್ಲಿ ಮಕ್ಕಳು ಕಾಯುತ್ತಾರೆ, ‘ನ ಸ್ತ್ರೀ ಸ್ವಾತಂತ್ರ್ಯಮರ್ಹತಿ’. ಹೆಣ್ಣು ಸ್ವಾತಂತ್ರ್ಯಕ್ಕೆ ಅರ್ಹಳಲ್ಲ. ಇಲ್ಲಿ ‘ರಕ್ಷತಿ’ ಅಂದಿದೆ, ಇದು ರಕ್ಷಣೆಯ ಮಾತು, ಕಟ್ಟಿ ಹಾಕುವ ಮಾತಲ್ಲ ಅಂತ ಕೆಲವರು ವಾದಿಸುತ್ತಾರೆ. ಒಂದು ಶ್ಲೋಕ ಹಿಂದೆ ಹೋದರೆ ಆ ವಾದ ನಿಲ್ಲುವುದಿಲ್ಲ. 9.2ರಲ್ಲಿ, ಗಂಡಸರು ತಮ್ಮ ಹೆಂಗಸರನ್ನು ಹಗಲೂ ರಾತ್ರಿ ಅಸ್ವತಂತ್ರರನ್ನಾಗಿ ಇಡಬೇಕು ಅಂತ ನೇರವಾಗಿ ಇದೆ. ಐದನೇ ಅಧ್ಯಾಯದ 147ರಲ್ಲಿ, ಹುಡುಗಿಯಾಗಲಿ ಯುವತಿಯಾಗಲಿ ಮುದುಕಿಯಾಗಲಿ ತನ್ನ ಮನೆಯಲ್ಲೂ ಏನನ್ನೂ ಸ್ವತಂತ್ರವಾಗಿ ಮಾಡಬಾರದು ಅಂತಿದೆ. ಇದಕ್ಕಿಂತ ಸ್ಪಷ್ಟ ಇನ್ನೇನು ಬೇಕು?

ಭಾವನವರ ವಾದಕ್ಕೆ ಬಂದರೆ, ಬ್ರಿಟಿಷರು ಮನುಸ್ಮೃತಿಯನ್ನು ಇಂಗ್ಲಿಷಿಗೆ ತಂದದ್ದು ನಿಜ. ವಿಲಿಯಂ ಜೋನ್ಸ್ ಮಾಡಿದ ಅನುವಾದ 1794ರಲ್ಲಿ ಬಂತು. ಹಿಂದೂಗಳ ವ್ಯಾಜ್ಯ ತೀರ್ಮಾನಿಸಲು ಅವರು ಇಂಥ ಪುಸ್ತಕಗಳಿಗೆ ಮುಂಚೆ ಇಲ್ಲದಷ್ಟು ತೂಕ ಕೊಟ್ಟರು ಅನ್ನುವುದೂ ನಿಜ. ಆದರೆ ಮನುಸ್ಮೃತಿಗೆ ವಿಸ್ತಾರವಾಗಿ ವ್ಯಾಖ್ಯಾನ ಬರೆದ ಮೇಧಾತಿಥಿ ಜೋನ್ಸ್‌ಗಿಂತ ಸುಮಾರು ಒಂಬತ್ತು ಶತಮಾನ ಹಿಂದಿನವನು. ಅಸ್ವಾತಂತ್ರ್ಯದ ಶ್ಲೋಕ ಅವನ ಮುಂದೆಯೂ ಇತ್ತು. ಬ್ರಿಟಿಷರು ಹಡಗು ಹತ್ತುವ ಮುಂಚಿನ ಮಾತು ಇದು.

ಇದಕ್ಕಿಂತ ಗಟ್ಟಿ ಸಾಕ್ಷಿ ಮಹಾಭಾರತದಲ್ಲಿದೆ. ಅನುಶಾಸನ ಪರ್ವದ 46ನೇ ಅಧ್ಯಾಯದಲ್ಲಿ ಭೀಷ್ಮ ಧರ್ಮರಾಯನಿಗೆ ಮದುವೆಯ ವಿಚಾರ ಹೇಳುತ್ತಾನೆ. ಮನೆಯವರು ಇಟ್ಟುಕೊಳ್ಳದಿದ್ದರೆ ಅದು ಮಾರಾಟವಲ್ಲ ಅನ್ನುವ ಮಾತು ಅಲ್ಲಿಯೂ ಇದೆ. ಹೆಂಗಸರಿಗೆ ಗೌರವ ಇರುವ ಕಡೆ ದೇವತೆಗಳು ಸಂತೋಷಪಡುತ್ತಾರೆ ಅನ್ನುವುದೂ ಇದೆ. ಅದೇ ಅಧ್ಯಾಯದಲ್ಲಿ, ಕೆಲವೇ ಶ್ಲೋಕ ಮುಂದೆ, ತಂದೆ ಕಾಯುತ್ತಾನೆ, ಗಂಡ ಕಾಯುತ್ತಾನೆ, ಹೆಣ್ಣು ಸ್ವಾತಂತ್ರ್ಯಕ್ಕೆ ಅರ್ಹಳಲ್ಲ ಅನ್ನುವುದೂ ಇದೆ. ಮನುವಿನಲ್ಲಿ ಆರು ಅಧ್ಯಾಯ ದೂರ ಇರುವ ಎರಡು ಸಾಲು ಇಲ್ಲಿ ಒಂದೇ ಉಸಿರಿನಲ್ಲಿ ಬಂದಿವೆ. ಅಂದರೆ ಆ ಕಾಲದ ಜನಕ್ಕೆ ಇವು ಒಂದಕ್ಕೊಂದು ವಿರುದ್ಧ ಅನ್ನಿಸಿರಲಿಲ್ಲ. ಒಡವೆ ಕೊಡು, ಬೀಗದ ಕೈ ಕೊಡಬೇಡ. ಸೀರೆ ಉಡಿಸು, ತೀರ್ಮಾನ ನೀನು ಮಾಡು. ಹೆಣ್ಣು ಮನೆಯ ಸಿರಿ, ಸಿರಿಯನ್ನು ಹಾಳುಮಾಡಬೇಡ, ಹೊರಗೂ ಬಿಡಬೇಡ. ಇದು ಒಂದೇ ಯೋಚನೆಯ ಎರಡು ಮುಖ. ನಿಮ್ಮ ಮನೆಯಲ್ಲಿ ನಡೆದ ಜಗಳದಲ್ಲಿ ಒಬ್ಬರು ಒಂದು ಮುಖ ಹಿಡಿದರು, ಇನ್ನೊಬ್ಬರು ಇನ್ನೊಂದು ಹಿಡಿದರು.

ನಡುವೆ ಒಂದು ಮಾತು. ಕೊಡವ ಮದುವೆಯಲ್ಲಿ ಪುರೋಹಿತರು ಬಂದು ಮಂತ್ರ ಹೇಳುವುದಿಲ್ಲ, ದೀಪದ ಮುಂದೆ ಹಿರಿಯರ ಆಶೀರ್ವಾದದಲ್ಲಿ ಮುಗಿಯುತ್ತದೆ. ಸಂಬಂಧದ ಶಾಸ್ತ್ರದಲ್ಲಿ ಎರಡೂ ಕಡೆಯ ಅರುವರು, ಅಂದರೆ ಮನೆತನದ ಪರವಾಗಿ ಮಾತಾಡುವವರು, ಎದುರುಬದುರು ನಿಂತು, ಹೆಣ್ಣಿಗೆ ಹೊಸ ಒಕ್ಕದಲ್ಲಿ, ಅಂದರೆ ಗಂಡನ ಮನೆತನದಲ್ಲಿ, ಏನೇನು ಹಕ್ಕು ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಗುರುತಿಗೆ ಪುಟ್ಟ ಕಲ್ಲುಗಳನ್ನು ಕೈಗೆ ಕೊಡುತ್ತಾರೆ. ನಾನು ಘಟ್ಟದ ಕೆಳಗಿನಿಂದ ಬಂದವನು, ಮೊದಲ ಸಲ ಅದನ್ನು ನೋಡಿದಾಗ ನನಗೆ ನೆನಪಾದದ್ದು 54ನೇ ಶ್ಲೋಕ. ಆದರೆ ಅಲ್ಲಿ ಗೌರವ ಅನ್ನುವ ಮಾತಿದೆ, ಇಲ್ಲಿ ಹಕ್ಕು ಅನ್ನುವ ಮಾತಿದೆ. ಈ ನೆಲದಲ್ಲಿ ಹೆಣ್ಣಿನ ವಿಚಾರ ಹೇಳಲು ಮನುವೇ ಬೇಕು ಅಂತೇನೂ ಇಲ್ಲ.

ಈಗ ಫ್ಲೆಕ್ಸ್. ನೀವು ಮಾಡಬಹುದಾದ್ದು ಮೂರು ನಾಲ್ಕಿದೆ.

ಶ್ಲೋಕ ಬೇಕೇ ಬೇಕು ಅಂತಾದರೆ ಎರಡೂ ಸಾಲು ಹಾಕಿ, ‘ಮನುಸ್ಮೃತಿ 3.56’ ಅಂತ ಬರೆಸಿ. ‘ವೇದ’ ಅನ್ನುವುದು ಹೋಗಲಿ. ಕೆಳಗೆ ‘ಎಲ್ಲಿ ಹೆಂಗಸರಿಗೆ ಗೌರವ ಇದೆಯೋ ಅಲ್ಲಿ ದೇವತೆಗಳು ಸಂತೋಷಪಡುತ್ತಾರೆ, ಇಲ್ಲದ ಕಡೆ ಮಾಡಿದ ಕರ್ಮವೆಲ್ಲ ವ್ಯರ್ಥ’ ಅಂತ ಕೊಡಿ. ಎರಡನೇ ಸಾಲಿನಲ್ಲಿ ಸ್ವಲ್ಪ ಬಿಸಿ ಇದೆ, ಅರ್ಧ ಶ್ಲೋಕದಲ್ಲಿ ಅದು ಇರುವುದಿಲ್ಲ. ಇದರ ಅಪಾಯ ನಿಮಗೆ ಈಗಾಗಲೇ ಗೊತ್ತಿದೆ. ಮನು ಅನ್ನುವ ಹೆಸರು ಬಂದ ಕೂಡಲೇ 9.3 ಹಿಂದೆಯೇ ಬರುತ್ತದೆ. 1927ರ ಡಿಸೆಂಬರ್ 25ರಂದು ಮಹಾಡದಲ್ಲಿ ಅಂಬೇಡ್ಕರ್ ಅವರ ನೇತೃತ್ವದಲ್ಲಿ ಈ ಪುಸ್ತಕವನ್ನು ಸುಟ್ಟರು. ಸಭೆಗೆ ಬರುವವರಲ್ಲಿ ಹಲವರಿಗೆ ಆ ಹೆಸರೇ ನೋವಿನದು. ಹೆಸರು ಬಿಟ್ಟು ಬರೀ ಶ್ಲೋಕ ಹಾಕುತ್ತೇನೆ ಅಂದರೆ ಅದು ಮುಚ್ಚಿಟ್ಟ ಹಾಗೆ. ಆ ಹುಡುಗಿಯಂಥವರು ಹಿಡಿದೇ ಹಿಡಿಯುತ್ತಾರೆ.

ಅದೇ ಪುಸ್ತಕದಿಂದ ಇನ್ನೊಂದು ಸಾಲು ಆರಿಸೋಣ ಅಂತ ಯಾರಾದರೂ ಹೇಳಿದರೆ ಹುಷಾರಾಗಿರಿ. ‘ಪುತ್ರೇಣ ದುಹಿತಾ ಸಮಾ’, ಮಗಳು ಮಗನಿಗೆ ಸಮಾನ, ಅನ್ನುವ 9.130 ತುಂಬ ಚೆನ್ನಾಗಿ ಕೇಳುತ್ತದೆ. ಅದರ ಅಕ್ಕಪಕ್ಕ ನೋಡಿ: ಗಂಡು ಮಕ್ಕಳಿಲ್ಲದವನು ಮಗಳ ಮಗನನ್ನು ತನ್ನ ವಂಶಕ್ಕೆ ಸೇರಿಸಿಕೊಳ್ಳುವ ಏರ್ಪಾಡಿನ ನಡುವೆ ಆ ಮಾತು ಬರುತ್ತದೆ. ಎಲ್ಲ ಮನೆಯ ಎಲ್ಲ ಮಗಳಿಗೂ ಪಾಲು ಅಂತ ಅಲ್ಲ. ಈ ಶ್ಲೋಕದಿಂದ ತಪ್ಪಿಸಿಕೊಂಡು ಹೋಗಿ ಅದೇ ಬಗೆಯ ಇನ್ನೊಂದು ಗುಂಡಿಗೆ ಬಿದ್ದಂತಾಗುತ್ತದೆ.

ಸಂಸ್ಕೃತ ಬಿಟ್ಟು ನಿಮ್ಮದೇ ಕನ್ನಡದಲ್ಲಿ ಒಂದು ಸಾಲು ಬರೆಸುವುದು ಇನ್ನೊಂದು ದಾರಿ. ನನ್ನ ಓಟು ಇದಕ್ಕೆ. ಜೀವಮಾನವೆಲ್ಲ ಸಂಸ್ಕೃತ ಪಾಠ ಮಾಡಿದವನು ಹೀಗೆ ಹೇಳುವುದು ವಿಚಿತ್ರ ಅನ್ನಿಸಬಹುದು. ಆದರೆ ಈ ಶ್ಲೋಕ ಗಂಡಸರಿಗೆ ಗಂಡಸು ಹೇಳಿದ್ದು. ಹೆಂಗಸರೇ ನಡೆಸುವ ಸಭೆಯ ತಲೆಬರಹಕ್ಕೆ ಅದು ಹೇಗೆ ಹೊಂದೀತು? ಬೇಸರ ಆಗುವುದು ನಿಮ್ಮ ಭಾವನವರಂಥ ಹಿರಿಯರಿಗೆ. ಧರ್ಮದ ಮಾತು ತೆಗೆಸಿದರು ಅಂತ ಅಂದುಕೊಂಡಾರು. ಅವರಿಗೆ ಮೂರನೇ ಅಧ್ಯಾಯದ 51ರಿಂದ 62ರವರೆಗೆ ಕನ್ನಡ ಅರ್ಥದ ಜೊತೆ ಓದಲು ಕೊಡಿ. ಹನ್ನೆರಡು ಶ್ಲೋಕ, ಒಂದು ಕಾಫಿ ಕುಡಿಯುವಷ್ಟು ಹೊತ್ತು. ಆಮೇಲೆ ಒಂಬತ್ತನೇ ಅಧ್ಯಾಯದ ಮೊದಲ ಮೂರು. ಇದನ್ನೆಲ್ಲ ಓದಿದ ಮೇಲೂ ಅವರಿಗೆ ಆ ಶ್ಲೋಕ ಇಷ್ಟವಾದರೆ ಅದು ಅವರ ಹಕ್ಕು. ಆದರೆ ಬ್ರಿಟಿಷರ ಮಾತು ಮತ್ತೆ ಬರಲಾರದು.

ಕೊನೆಯದು, ಸ್ವಲ್ಪ ಧೈರ್ಯ ಬೇಕಾದ್ದು. ಫ್ಲೆಕ್ಸಿನಲ್ಲಿ ಬೇಡ, ವೇದಿಕೆಯಲ್ಲಿ ಈ ಶ್ಲೋಕ ಇರಲಿ. ನಾದಿನಿಯ ಮಗಳಿಗೆ ಹತ್ತು ನಿಮಿಷ ಕೊಡಿ. 3.56ರ ಎರಡೂ ಸಾಲು, 3.52 ಮತ್ತು 9.3, ಈ ಮೂರನ್ನೇ ಓದಿ ಅರ್ಥ ಹೇಳಲಿ. ಚರ್ಚೆ ಬಿಸಿಯಾಗಬಹುದು, ಅಧ್ಯಕ್ಷರಿಗೆ ಮುಂಚೆಯೇ ಹೇಳಿಡಿ. ಒಡವೆ ಅಡ ಇಡುವ ಮಾತು ಬಂದಾಗ ಸಭೆಯಲ್ಲಿ ಎಷ್ಟು ಜನ ಅಕ್ಕಪಕ್ಕದವರ ಮುಖ ನೋಡುತ್ತಾರೆ ಅಂತ ಸುಮ್ನೆ ಗಮನಿಸಿ.

ಎಲ್ಲ ಆದ ಮೇಲೂ ಶ್ಲೋಕವೇ ಇರಲಿ ಅಂತ ತೀರ್ಮಾನವಾದರೆ, ಫ್ಲೆಕ್ಸ್ ಅಂಗಡಿಯವರಿಂದ ಅಚ್ಚಿಗೆ ಮುಂಚೆ ಫೋನಿಗೆ ಚಿತ್ರ ತರಿಸಿಕೊಳ್ಳಿ. ಮೊದಲು ‘ನಾರ್ಯಸ್ತು’ ನೋಡಿ, ಆಮೇಲೆ ‘ತತ್ರಾಫಲಾಃ’ದ ದೀರ್ಘ ಇದೆಯೇ ನೋಡಿ. ಟೈಪ್ ಮಾಡುವ ಹುಡುಗರು ಒಮ್ಮೆ ಸರಿ ಮಾಡಿದ್ದು ಎರಡನೇ ಸಲಕ್ಕೆ ಮತ್ತೆ ತಪ್ಪಾಗಿ ಬರುವುದುಂಟು, ಅದಕ್ಕೇ ಕೊನೆಯ ಪ್ರತಿಯನ್ನೂ ನೋಡಿ.